‘ಚಾ ಆಂಡಾ?’ ಪ್ರಶ್ನೆ ಯಾವಾಗ, ನಮಸ್ಕಾರ ಯಾವಾಗ?

ನನ್ನ ದೊಡ್ಡಮ್ಮನಿಗೆ 68 ವರ್ಷ. ಶಿರ್ವದ ಹತ್ತಿರ ಮನೆ. ಹೋದ ಮಳೆಗಾಲದಲ್ಲಿ ಡಾಕ್ಟರು ಶುಗರ್ ಟೆಸ್ಟ್ ಮಾಡಿಸಿ ಅಂದಿದ್ದರು. ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ಕನಿಷ್ಠ 8 ಗಂಟೆ ನೀರು ಬಿಟ್ಟು ಬೇರೇನೂ ತೆಗೆದುಕೊಂಡಿರಬಾರದು. ದೊಡ್ಡಮ್ಮ ರಾತ್ರಿ ಎಂಟೂವರೆಗೆ ಗಂಜಿ ಉಂಡು ಮಲಗಿದರು. ಬೆಳಿಗ್ಗೆ ಮೊದಲ ಬಸ್ಸಿಗೆ ಉಡುಪಿಗೆ ಬಂದು ಲ್ಯಾಬಿನ ಮುಂದೆ ಕೂತರು. ಒಂದು ತೊಟ್ಟು ಚಾ ಕುಡಿದಿರಲಿಲ್ಲ.

ಬಾಗಿಲು ತೆಗೆದ ಮೇಲೆ ಒಳಗೆ ಕರೆದರು. ರಕ್ತ ತೆಗೆಯುವ ಹುಡುಗಿ ಊರಿನವಳೇ. ಇವರನ್ನು ನೋಡಿ ನಕ್ಕು, ತುಳುವಿನಲ್ಲಿ ಕೇಳಿದಳು: “ಬಲೆ ಅಮ್ಮಾ, ಕುಲ್ಲುಲೆ. ಚಾ ಆಂಡಾ?” ಬನ್ನಿ ಅಮ್ಮಾ, ಕೂತ್ಕೊಳ್ಳಿ, ಚಾ ಆಯ್ತಾ ಅಂತ.

ದೊಡ್ಡಮ್ಮ ಹೇಳಿದರು: “ಆಂಡ್, ಆಂಡ್.”

ಹುಡುಗಿ ಪೆನ್ನು ಕೆಳಗಿಟ್ಟಳು. ಹಾಗಾದರೆ ಇವತ್ತು ಆಗುವುದಿಲ್ಲ, ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಳು. ದೊಡ್ಡಮ್ಮನಿಗೆ ಏನೂ ಅರ್ಥ ಆಗಲಿಲ್ಲ. ಇವತ್ತಿನ ಲೆಕ್ಕ ಮುಗಿದಿರಬೇಕು ಅಂದುಕೊಂಡು ಹೊರಗೆ ಬಂದರು. ಎದುರಿನ ಹೋಟೆಲಿನಲ್ಲಿ ಎರಡು ಬನ್ಸ್ ತಿಂದು, ಚಾ ಕುಡಿದು, ಬಸ್ಸು ಹತ್ತಿದರು.

ಸಂಜೆ ಫೋನಿನಲ್ಲಿ ದೊಡ್ಡಮ್ಮ ಇದನ್ನು ಹೇಳಿದಾಗ ನಾನು ಕೇಳಿದೆ, ಚಾ ಆಗಿದೆ ಅಂತ ಏನಾದರೂ ಹೇಳಿದಿರಾ ಅಂತ. ಮೊದಲು ಅವರಿಗೆ ತಾನು ಹಾಗೆ ಹೇಳಿದ್ದೇ ನೆನಪಿರಲಿಲ್ಲ. ಆಮೇಲೆ ಹೇಳಿದರು: “ಹೌದು, ಅವಳು ಕೇಳಿದಳು. ಆ ಮಗು ಅಷ್ಟು ಚಂದದಲ್ಲಿ ಮಾತಾಡಿಸುವಾಗ ಇಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ?”

ಈ ಒಂದು ವಾಕ್ಯದ ಹಿಂದೆ ಭಾಷಾವಿಜ್ಞಾನದ ನೂರು ವರ್ಷದ ಚರ್ಚೆ ಇದೆ. ಭಾಷಾವಿಜ್ಞಾನ ಓದಿದವಳು ನಾನು. ಆದರೂ ಇದು ನಮ್ಮ ಮನೆಯಲ್ಲೇ ಆಗುವ ತನಕ ಇದರ ಬಿಸಿ ನನಗೆ ತಟ್ಟಿರಲಿಲ್ಲ. ನಮ್ಮ ಕರಾವಳಿಯಲ್ಲಿ ಆಸ್ಪತ್ರೆ, ಲ್ಯಾಬು ಜಾಸ್ತಿ. ಅಲ್ಲಿ ಕೆಲಸ ಮಾಡುವವರಲ್ಲಿ ಊರಿನವರೂ ಇದ್ದಾರೆ, ದೂರದಿಂದ ಬಂದು ಇಲ್ಲಿನ ಕನ್ನಡ, ತುಳು ಕಲಿತವರೂ ಇದ್ದಾರೆ. ದಿನಾ ಎಷ್ಟೋ ಜನರ ನಡುವೆ ಇಂಥ ಮಾತು ಓಡಾಡುತ್ತದೆ. ಹಾಗಾಗಿ ಆ ಬೆಳಿಗ್ಗೆ ನಿಜವಾಗಿ ಏನಾಯ್ತು ಅಂತ ಬಿಡಿಸಿ ನೋಡಬೇಕು ಅನ್ನಿಸಿತು.

ಮಾತು ಅಂದರೆ ಒಬ್ಬರ ತಲೆಯಲ್ಲಿರುವ ಸುದ್ದಿಯನ್ನು ಇನ್ನೊಬ್ಬರಿಗೆ ದಾಟಿಸುವುದು ಅಂತ ನಾವು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಇದು ಪೂರ್ತಿ ಸರಿಯಲ್ಲ ಅಂತ ಗಟ್ಟಿಯಾಗಿ ಹೇಳಿದವರು ಬ್ರೊನಿಸ್ಲಾವ್ ಮಾಲಿನೋವ್‌ಸ್ಕಿ. ಪೋಲೆಂಡಿನಲ್ಲಿ ಹುಟ್ಟಿದ ಮಾನವಶಾಸ್ತ್ರಜ್ಞ. ಮೊದಲ ಮಹಾಯುದ್ಧದ ವರ್ಷಗಳಲ್ಲಿ ನ್ಯೂಗಿನಿಯ ಪೂರ್ವಕ್ಕಿರುವ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಅಲ್ಲಿನ ಜನರ ನಡುವೆ ಇದ್ದು, ಅವರ ಭಾಷೆ ಕಲಿತವರು. 1923ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಅವರು ಇಂಥ ಮಾತಿಗೆ ಒಂದು ಹೆಸರು ಕೊಟ್ಟರು: ಫ್ಯಾಟಿಕ್ ಕಮ್ಯೂನಿಯನ್. ‘ಆಡಿದ ಮಾತು’ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು ಆ ಫ್ಯಾಟಿಕ್. ಬರೀ ಮಾತಾಡುವುದರಿಂದಲೇ ಜನರ ನಡುವೆ ಕಟ್ಟಿಕೊಳ್ಳುವ ನಂಟು ಅಂತ ಇಟ್ಟುಕೊಳ್ಳಿ.

ಮಾಲಿನೋವ್‌ಸ್ಕಿ ಹೇಳಿದ್ದು ಸರಳ. ಇಬ್ಬರು ಎದುರು ಬದುರಾದಾಗ ಇಬ್ಬರೂ ಸುಮ್ನೆ ನಿಂತರೆ ಒಂದು ಬಿಗಿ ಹುಟ್ಟುತ್ತದೆ. ಮಾತಾಡದವನ ಬಗ್ಗೆ ಅನುಮಾನ ಬರುತ್ತದೆ. ಆ ಬಿಗಿಯನ್ನು ಸಡಿಲಿಸಲಿಕ್ಕೆ ಮಾತು ಬೇಕು, ಏನು ಮಾತು ಅನ್ನುವುದು ಅಷ್ಟು ಮುಖ್ಯ ಅಲ್ಲ. ಅವರು ಕೊಟ್ಟ ಉದಾಹರಣೆಗಳಲ್ಲಿ ಎರಡು ನೋಡಿ. ಒಂದು, ಇಂಗ್ಲಿಷರು ಹವೆಯ ಬಗ್ಗೆ ಆಡುವ ಮಾತು. ಇನ್ನೊಂದು, ಆ ಕಡೆಯ ದ್ವೀಪದವರು ಕೇಳುವ ‘ಎಲ್ಲಿಂದ ಬಂದೆ?’

ಇದನ್ನು ಮೊದಲ ಸಲ ಓದಿದಾಗ ನನಗೆ ನಮ್ಮ ಗೇಟಿನ ಹತ್ತಿರದ ‘ಓಡೆ ಪಿದಾಡಿನಿ?’ ನೆನಪಾಯಿತು. ಎಲ್ಲಿಗೆ ಹೊರಟದ್ದು ಅಂತ. ಅದಕ್ಕೆ ‘ಮುಲ್ಪನೇ’, ಇಲ್ಲೇ ಅಂದರೆ ಸಾಕು. ಕೇಳಿದವರಿಗೆ ಸಮಾಧಾನ, ಹೇಳಿದವರಿಗೂ ಸಮಾಧಾನ. ‘ಇಲ್ಲೇ’ ಅನ್ನುವುದರಲ್ಲಿ ಏನು ಸುದ್ದಿ ಇದೆ? ಆದರೂ ಅದು ಪೂರ್ತಿ ಉತ್ತರ.

‘ಚಾ ಆಯ್ತಾ?’, ‘ಊಟ ಆಯ್ತಾ?’ ಕೂಡ ಇದೇ ಜಾತಿ. ಇದರ ಒಳಗಿನ ಕಟ್ಟು ಹೇಗಿದೆ ನೋಡಿ. ಒಬ್ಬರು ‘ಆಯ್ತಾ?’ ಅನ್ನುತ್ತಾರೆ. ಇನ್ನೊಬ್ಬರು ‘ಆಯ್ತು, ನಿಮ್ಮದು?’ ಅನ್ನುತ್ತಾರೆ. ಮೊದಲಿನವರು ‘ಆಯ್ತು’ ಅನ್ನುತ್ತಾರೆ. ಅಲ್ಲಿಗೆ ಒಂದು ಸುತ್ತು ಮುಗಿಯಿತು. ಇಬ್ಬರೂ ಕೊಟ್ಟರು, ಇಬ್ಬರೂ ತೆಗೆದುಕೊಂಡರು, ಯಾರಿಗೂ ಬಾಕಿ ಉಳಿಯಲಿಲ್ಲ. ಇನ್ನು ಕೆಲಸದ ಮಾತಿಗೂ ಹೋಗಬಹುದು, ದಾರಿ ಹಿಡಿದು ಹೋಗಲೂಬಹುದು.

ಈಗ ಉತ್ತರ ‘ಇಲ್ಲ’ ಅಂತ ಬಂದರೆ? ಸುತ್ತು ಮುಗಿಯುವುದಿಲ್ಲ. ಕೇಳಿದವರು ‘ಅಯ್ಯೋ, ಯಾಕೆ? ಇಷ್ಟು ಹೊತ್ತಾದರೂ?’ ಅನ್ನಲೇಬೇಕು. ಮನೆ ಹತ್ತಿರ ಇದ್ದರೆ ‘ಬನ್ನಿ, ಇದ್ದದ್ದು ಉಣ್ಣುವಾ’ ಅನ್ನಲೇಬೇಕು. ಹೇಳದೆ ಹೋದರೆ ತಪ್ಪಾಗುತ್ತದೆ. ಅಂದರೆ ‘ಇಲ್ಲ’ ಎಂಬ ಉತ್ತರ ಕೇಳಿದವರ ಮೇಲೆ ಒಂದು ಹೊರೆ ಹಾಕುತ್ತದೆ. ಮರ್ಯಾದೆ ಇರುವವರು ಸುಮ್ನೆ ಹೊರೆ ಹಾಕುವುದಿಲ್ಲ. ಹಸಿದಿದ್ದರೂ ‘ಆಯ್ತು’ ಅನ್ನುತ್ತಾರೆ. ದೊಡ್ಡಮ್ಮ ‘ಹೇಳ್ಲಿಕ್ಕೆ ಆಗ್ತದಾ?’ ಅಂದದ್ದು ಇದನ್ನೇ.

ಹಾರ್ವೆ ಸ್ಯಾಕ್ಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಇದೇ ಸಂಗತಿಯನ್ನು ‘ಹೇಗಿದ್ದೀರಿ?’ ಎಂಬ ಪ್ರಶ್ನೆಯಲ್ಲಿ ಕಂಡರು. ದಿನದ ಮಾತನ್ನು ಟೇಪಿನಲ್ಲಿ ಹಿಡಿದು, ಒಂದೊಂದು ಸರದಿಯನ್ನೂ ಬಿಡಿಸಿ ನೋಡುವ ಪದ್ಧತಿಯನ್ನು ಕಟ್ಟಿದವರಲ್ಲಿ ಅವರು ಮೊದಲಿಗರು. 1975ರಲ್ಲಿ ಪ್ರಕಟವಾದ ಅವರ ಒಂದು ಲೇಖನದ ಹೆಸರೇ ‘ಎಲ್ಲರೂ ಸುಳ್ಳು ಹೇಳಲೇಬೇಕು’ ಎಂಬ ಅರ್ಥದ್ದು. ವಾದ ಹೀಗೆ. ‘ಹೇಗಿದ್ದೀರಿ’ ಅಂತ ಯಾರು ಬೇಕಾದರೂ ಕೇಳಬಹುದು. ‘ಚೆನ್ನಾಗಿಲ್ಲ’ ಅಂದರೆ ಮುಂದಿನ ಪ್ರಶ್ನೆ ‘ಯಾಕೆ, ಏನಾಯ್ತು?’ ಅಂತ ಬಂದೇ ಬರುತ್ತದೆ. ಆದರೆ ನಮ್ಮ ಕಷ್ಟವನ್ನು ಯಾರ ಹತ್ತಿರ ಬೇಕಾದರೂ ಹೇಳಿಕೊಳ್ಳಲಿಕ್ಕೆ ಆಗುವುದಿಲ್ಲ. ಕೆಲವು ಮನೆಯವರಿಗೆ ಮಾತ್ರ, ಕೆಲವು ಆಪ್ತರಿಗೆ ಮಾತ್ರ. ಹಾಗಾಗಿ ಉತ್ತರ ಕೊಡುವವರು ಮೊದಲು ಕೇಳಿದವರು ಯಾರು ಅಂತ ನೋಡುತ್ತಾರೆ. ಕಷ್ಟ ಹೇಳಿಕೊಳ್ಳುವಷ್ಟು ಹತ್ತಿರದವರಲ್ಲ ಅಂದರೆ ‘ಆರಾಮ’ ಅನ್ನುತ್ತಾರೆ. ಈ ಸುಳ್ಳು ಯಾರನ್ನೂ ಮೋಸ ಮಾಡಲಿಕ್ಕೆ ಹೇಳಿದ್ದಲ್ಲ. ಪ್ರಶ್ನೆ ಕೇಳುವ ಹಕ್ಕು ಎಲ್ಲರಿಗೂ ಇದೆ, ನಿಜ ಕೇಳುವ ಹಕ್ಕು ಕೆಲವರಿಗೆ ಮಾತ್ರ ಇದೆ. ಆ ಅಂತರದಲ್ಲಿ ಹುಟ್ಟುವ ಸುಳ್ಳು ಇದು.

ಇಲ್ಲಿಗೇ ನಿಲ್ಲಿಸಿದರೆ, ಇಂಥ ಮಾತಿನೊಳಗೆ ಏನೂ ಇಲ್ಲ, ಬರೀ ಒಣ ಶಿಷ್ಟಾಚಾರ ಅಂತ ಅನ್ನಿಸಬಹುದು. ಅದನ್ನು ನಾನು ಒಪ್ಪುವುದಿಲ್ಲ. ಒಪ್ಪದೆ ಇರಲಿಕ್ಕೆ ಕಾರಣ ಅದೇ ಟ್ರೋಬ್ರಿಯಾಂಡಿನಿಂದಲೇ ಸಿಗುತ್ತದೆ.

ಗುಂಟರ್ ಸೆನ್‌ಫ್ಟ್ ಎಂಬ ಜರ್ಮನ್ ಭಾಷಾವಿಜ್ಞಾನಿ 1982ರಿಂದ ಆ ದ್ವೀಪಗಳಿಗೆ ಹೋಗಿ ಬರುತ್ತ ಅಲ್ಲಿನ ಕಿಲಿವಿಲ ಭಾಷೆಯನ್ನು ಅಧ್ಯಯನ ಮಾಡಿದವರು. ಅಲ್ಲಿ ಎದುರು ಸಿಕ್ಕಿದವರೆಲ್ಲ ಅವರನ್ನು ‘ಎಲ್ಲಿಗೆ?’ ಅಂತ ಕೇಳುತ್ತಿದ್ದರು. ಮೊದಮೊದಲು ಅವರಿಗೆ ಇದು ಇಲ್ಲದ ಕುತೂಹಲ ಅನ್ನಿಸಿತು. ಕ್ರಮೇಣ ಗೊತ್ತಾಯಿತು, ಅಲ್ಲಿನವರು ಇದಕ್ಕೆ ಸುಮ್ನೆ ‘ಇಲ್ಲೇ’ ಅನ್ನುವುದಿಲ್ಲ. ಎಲ್ಲಿಗೆ, ಯಾವ ದಾರಿಯಲ್ಲಿ, ಯಾತಕ್ಕೆ, ಎಲ್ಲವನ್ನೂ ಆದಷ್ಟು ನಿಜವಾಗಿ ಹೇಳುತ್ತಾರೆ. ದಾರಿಯಲ್ಲಿ ಏನಾದರೂ ಅಪಾಯ ಆದರೆ ಎಲ್ಲಿ ಹುಡುಕಬೇಕು ಅಂತ ಊರಿನವರಿಗೆ ಗೊತ್ತಿರುತ್ತದೆ. ಅಂದರೆ ಮಾಲಿನೋವ್‌ಸ್ಕಿ ಸುದ್ದಿ ಇಲ್ಲದ ಮಾತಿಗೆ ಉದಾಹರಣೆ ಅಂತ ಕೊಟ್ಟ ಜಾತಿಯ ಪ್ರಶ್ನೆಯಲ್ಲೇ ಸುದ್ದಿ ಇತ್ತು. ನಂಟೂ ಇತ್ತು. ‘ನಿನ್ನ ಮೇಲೆ ನಮಗೊಂದು ಕಣ್ಣಿದೆ’ ಅನ್ನುವುದೇ ಅಲ್ಲಿನ ನಂಟು.

ನಮ್ಮಲ್ಲೂ ಹೀಗೆ ಅಲ್ವಾ? ಪಕ್ಕದ ಮನೆಯ ಅಜ್ಜಿ ದಿನಾ ಜಗಲಿಯಿಂದ ‘ಓಡೆ ಪಿದಾಡಿನಿ?’ ಅನ್ನುತ್ತಾರೆ. ದಿನಾ ‘ಮುಲ್ಪನೇ’ ಅಂದು ಹೋಗುತ್ತೇವೆ. ಆದರೆ ಜೋರು ಮಳೆಯ ದಿನ, ಗದ್ದೆಯ ಬದುವಿನಲ್ಲಿ ಹೋಗಬೇಕಾದಾಗ, ‘ಇಲ್ಲೇ’ ಅಂತ ಹೇಳುವುದಿಲ್ಲ. ‘ಹೊಳೆಯ ಆಚೆ ಅಕ್ಕನ ಮನೆಗೆ, ಕತ್ತಲೆಗೆ ಮೊದಲು ಬರ್ತೇನೆ’ ಅಂತ ನಿಂತು ಹೇಳುತ್ತೇವೆ. ಪ್ರಶ್ನೆ ಅದೇ. ಅದರೊಳಗೆ ಎಷ್ಟು ಸುದ್ದಿ ತುಂಬಬೇಕು ಅಂತ ಆ ಹೊತ್ತಿನಲ್ಲಿ ಇಬ್ಬರೂ ಸೇರಿ ತೀರ್ಮಾನ ಮಾಡುತ್ತೇವೆ. ಇನ್ನೂ ಒಂದು ಸೂಕ್ಷ್ಮ ಇದೆ. ಹೊರಟವರನ್ನು ‘ಎಲ್ಲಿಗೆ’ ಅಂತ ಕೇಳಬಾರದು, ಹೋದ ಕೆಲಸ ಆಗುವುದಿಲ್ಲ ಅಂತ ನಂಬುವ ಮನೆಗಳಿವೆ. ಅಂಥವರನ್ನು ‘ದೂರ ಹೊರಟದ್ದಾ?’ ಅಂತ ಕೇಳುತ್ತಾರೆ. ಅದಕ್ಕೆ ‘ಹೌದು’ ಅಂದರೆ ಸಾಕು, ಊರಿನ ಹೆಸರು ಹೇಳಬೇಕಾಗಿಲ್ಲ. ಮಾತಾಡಿಸಿದ ಹಾಗೂ ಆಯಿತು, ಗುಟ್ಟು ಕೇಳದ ಹಾಗೂ ಆಯಿತು. ನನಗೆ ಈ ಪ್ರಶ್ನೆ ತುಂಬಾ ಇಷ್ಟ.

ಹಾಗಾದರೆ ಒಂದು ಮಾತನ್ನು ನಮಸ್ಕಾರ ಅಂತ ತೆಗೆದುಕೊಳ್ಳಬೇಕೋ, ಪ್ರಶ್ನೆ ಅಂತ ತೆಗೆದುಕೊಳ್ಳಬೇಕೋ ಅಂತ ನಮಗೆ ಹೇಗೆ ಗೊತ್ತಾಗುತ್ತದೆ? ಶಬ್ದ ನೋಡಿ ಗೊತ್ತಾಗುವುದಿಲ್ಲ, ಶಬ್ದ ಒಂದೇ. ಸ್ಯಾಕ್ಸ್ ಜೊತೆ ಕೆಲಸ ಮಾಡಿದ ಇಮ್ಯಾನುಯೆಲ್ ಶೆಗ್ಲಾಫ್ ಟೆಲಿಫೋನ್ ಮಾತುಗಳನ್ನು ತೆಗೆದುಕೊಂಡು ತೋರಿಸಿದ್ದು ಏನೆಂದರೆ, ಮಾತು ಶುರುವಾಗುವುದಕ್ಕೆ ಒಂದು ಕ್ರಮ ಇದೆ. ಮೊದಲು ಕರೆ ಮತ್ತು ಓಗೊಡುವುದು. ಆಮೇಲೆ ಯಾರು ಅಂತ ಗುರುತು ಹಿಡಿಯುವುದು. ಆಮೇಲೆ ನಮಸ್ಕಾರ, ‘ಹೇಗಿದ್ದೀರಿ’. ಅದಾದ ಮೇಲೆ ಫೋನ್ ಮಾಡಿದ ಕಾರಣ. ಕೇಳುವವರು ಒಂದು ಮಾತಿನ ಅರ್ಥವನ್ನು ಅದು ಈ ಸಾಲಿನಲ್ಲಿ ಎಲ್ಲಿ ಬಂದಿದೆ ಅನ್ನುವುದರಿಂದ ಹಿಡಿಯುತ್ತಾರೆ. ಮೊದಲಿಗೇ ಬಂದ ‘ಹೇಗಿದ್ದೀರಿ’ ನಮಸ್ಕಾರ. ಕಾರಣದ ಮಾತು ಶುರುವಾದ ಮೇಲೆ ಬಂದ ‘ಹೇಗಿದ್ದೀರಿ’ ನಿಜವಾದ ಪ್ರಶ್ನೆ.

ಈ ದೀಪ ಹಿಡಿದು ದೊಡ್ಡಮ್ಮನ ಬೆಳಿಗ್ಗೆಯನ್ನು ಮತ್ತೆ ನೋಡಿ. ಹುಡುಗಿ ‘ಬಲೆ ಅಮ್ಮಾ’ ಅಂದಳು. ‘ಕುಲ್ಲುಲೆ’ ಅಂದಳು. ಯಾವ ಮನೆಗೆ ಹೋದರೂ ಮೊದಲು ಕಿವಿಗೆ ಬೀಳುವುದು ಈ ಎರಡು ಮಾತೇ. ಅದರ ಬೆನ್ನಿಗೆ ಮೂರನೆಯದಾಗಿ ‘ಚಾ ಆಂಡಾ?’ ಬಂತು. ಮನೆಯಲ್ಲೂ ಮೂರನೆಯದಾಗಿ ಬರುವುದು ಅದೇ. ಹೊತ್ತು ಕೂಡ ಬೆಳಗಿನ ಚಾದ ಹೊತ್ತು. ಮೇಲಿಂದ ತುಳು. ಕೌಂಟರಿನಲ್ಲಿ ಹೆಸರು ಬರೆಸುವಾಗ ಕನ್ನಡದಲ್ಲಿ ಮಾತಾಡಿದವರು, ಒಳಗೆ ಬಂದ ಕೂಡಲೇ ಮನೆಮಾತು ಕೇಳಿದರು. ‘ಇನ್ನು ಇದು ಕಚೇರಿ ಅಲ್ಲ, ನಾವು ನಾವೇ’ ಅಂತ ಆ ಭಾಷೆಯೇ ಹೇಳಿಬಿಟ್ಟಿತು. ಇಷ್ಟೆಲ್ಲ ಗುರುತುಗಳೂ ಒಂದೇ ಕಡೆ ಬೊಟ್ಟು ಮಾಡುತ್ತಿದ್ದವು. ದೊಡ್ಡಮ್ಮ ತಪ್ಪು ಉತ್ತರ ಕೊಡಲಿಲ್ಲ. ತಾನು ಕೇಳಿಸಿಕೊಂಡ ನಮಸ್ಕಾರಕ್ಕೆ ಸರಿಯಾದ ಮರುನಮಸ್ಕಾರ ಕೊಟ್ಟರು.

ಹುಡುಗಿಯದ್ದೂ ತಪ್ಪು ಅಂತ ನಾನು ಹೇಳುವುದಿಲ್ಲ. ಅವಳು ಪ್ರೀತಿಯಿಂದಲೇ ಮಾತಾಡಿಸಿದ್ದು, ಜೊತೆಗೆ ತನ್ನ ಕೆಲಸದ ಪ್ರಶ್ನೆಯನ್ನೂ ಅದರಲ್ಲೇ ಸೇರಿಸಿದ್ದು. ಒಂದೇ ವಾಕ್ಯದಲ್ಲಿ ಎರಡು ಕೆಲಸ ಆಗಲಿ ಅಂತ ಬಯಸಿದಾಗ, ನಂಟಿನ ಕೆಲಸ ಗೆದ್ದಿತು, ಸುದ್ದಿಯ ಕೆಲಸ ಸೋತಿತು. ಹೆಸರು, ವಯಸ್ಸು, ಯಾವ ಟೆಸ್ಟ್ ಅಂತೆಲ್ಲ ಕೇಳಿ, ಆಮೇಲೆ ಅದೇ ‘ಚಾ ಆಂಡಾ?’ ಕೇಳಿದ್ದರೆ ದೊಡ್ಡಮ್ಮ ಖಂಡಿತ ‘ಇಜ್ಜಿ’, ಇಲ್ಲ ಅನ್ನುತ್ತಿದ್ದರು.

ಈ ಸಲ ತಪ್ಪು ಆದದ್ದು ಒಳ್ಳೆಯ ಬದಿಗೆ, ಒಂದು ದಿನ ಹಾಳಾಯಿತು ಅಷ್ಟೆ. ಆದರೆ ಡಾಕ್ಟರ ಎದುರು ಇದೇ ಕಟ್ಟು ಬೇರೆ ರೀತಿ ಕೈಕೊಡುತ್ತದೆ. ಹಳ್ಳಿಯಿಂದ ಬಂದ ವಯಸ್ಸಾದವರು ಒಳಗೆ ಬರುತ್ತಾರೆ. ಡಾಕ್ಟರು ‘ಹೇಗಿದ್ದೀರಿ?’ ಅನ್ನುತ್ತಾರೆ. ಇವರು ‘ಆರಾಮ ಇದ್ದೇನೆ’ ಅನ್ನುತ್ತಾರೆ. ಆರಾಮ ಇದ್ದರೆ ಯಾಕೆ ಬಂದದ್ದು? ಊರಿಗೆ ಹೊಸಬರಾದ ಡಾಕ್ಟರು ಆ ‘ಆರಾಮ’ವನ್ನು ಹಾಗೇ ಬರೆದುಕೊಂಡು, ಮಾತ್ರೆ ಮುಂದುವರಿಸಿ ಅಂದರೆ ಕಥೆ ಮುಗಿಯಿತು. ನೋವು ಹಾಗೇ ಮನೆಗೆ ಹೋಗುತ್ತದೆ.

ವೇಲ್ಸಿನ ಕಾರ್ಡಿಫ್‌ನಲ್ಲಿ ಕೂಪ್‌ಲೆಂಡ್ ದಂಪತಿ ಮತ್ತು ರಾಬಿನ್ಸನ್ ಸೇರಿ ವಯಸ್ಸಾದವರಿಗೆ ‘ಹೇಗಿದ್ದೀರಿ’ ಅಂತ ಕೇಳಿ, ಅವರ ಉತ್ತರಗಳನ್ನು ಅಧ್ಯಯನ ಮಾಡಿ 1992ರಲ್ಲಿ ಪ್ರಕಟಿಸಿದರು. ಒಂದು ಮಾತು ಫ್ಯಾಟಿಕ್ ಹೌದೋ ಅಲ್ಲವೋ ಅನ್ನುವುದು ಆ ಮಾತಿಗೆ ಅಂಟಿಕೊಂಡ ಗುಣ ಅಲ್ಲ, ಮಾತಾಡುವವರು ಹೆಜ್ಜೆ ಹೆಜ್ಜೆಗೂ ಅದನ್ನು ಒಪ್ಪಂದ ಮಾಡಿಕೊಳ್ಳುತ್ತ ಹೋಗುತ್ತಾರೆ ಅಂತ ಅವರು ತೋರಿಸಿದರು. ‘ಪರವಾಗಿಲ್ಲ’ ಅಂತ ಶುರು ಮಾಡಿ, ಅದರ ಬೆನ್ನಿಗೇ ನೋವಿನ ಮಾತಿಗೆ ಇಳಿಯಬಹುದು. ಮೊದಲ ತುಂಡು ನಮಸ್ಕಾರಕ್ಕೆ, ಎರಡನೆಯ ತುಂಡು ಪ್ರಶ್ನೆಗೆ. ನಮ್ಮ ಹಿರಿಯರು ‘ಆರಾಮ ಇದ್ದೇನೆ… ಹೀಗೇ…’ ಅಂತ ಎಳೆಯುತ್ತಾರಲ್ಲ, ಆ ‘ಹೀಗೇ’ ಒಂದು ಅರ್ಧ ತೆರೆದ ಬಾಗಿಲು. ಅಲ್ಲಿ ಎರಡು ಸೆಕೆಂಡ್ ಕಾಯುವ ಡಾಕ್ಟರಿಗೆ ಮೊಣಕಾಲು ನೋವು, ರಾತ್ರಿ ಮೂರು ಸಲ ಏಳುವುದು, ಎಲ್ಲ ಸಿಗುತ್ತದೆ. ಕಾಯದೆ ಬಿ.ಪಿ. ಪಟ್ಟಿ ಸುತ್ತಿದರೆ ಬಾಗಿಲು ಮುಚ್ಚುತ್ತದೆ.

ಮಾತಿನ ಕೊನೆಯಲ್ಲೂ ಇಂಥದ್ದೇ ಒಂದು ಜಾಗ ಇದೆ. ನಮ್ಮ ಕಡೆ ಫೋನ್ ಇಡುವ ಮೊದಲು ‘ಮತ್ತೆ?’ ಅನ್ನುತ್ತೇವೆ. ತುಳುವಿನಲ್ಲಿ ‘ಬೊಕ್ಕ?’ ಕೇಳಲಿಕ್ಕೆ ಅದು ‘ಇನ್ನೇನು ಸುದ್ದಿ’ ಅಂತ ಇದ್ದರೂ, ಆ ಜಾಗದಲ್ಲಿ ಅದರ ಕೆಲಸ ‘ಇನ್ನು ಇಡುವಾ’ ಅನ್ನುವುದು. ಹಾಗಾಗಿ ‘ಮತ್ತೆ ಏನಿಲ್ಲ’, ‘ಬರ್ತೇನೆ’ ಅಂತ ಮುಗಿಯುತ್ತದೆ. ಡಾಕ್ಟರು ಚೀಟಿ ಹರಿದು ಕೊಡುತ್ತ ‘ಬೇರೆ ಏನಾದ್ರೂ?’ ಅಂದಾಗಲೂ ರೋಗಿಗೆ ಕೇಳಿಸುವುದು ಈ ‘ಮತ್ತೆ?’ಯೇ. ‘ಇಲ್ಲ’ ಅಂದು ಏಳುತ್ತಾರೆ. ಅಮೆರಿಕದಲ್ಲಿ ಸಮಾಜಶಾಸ್ತ್ರಜ್ಞ ಜಾನ್ ಹೆರಿಟೇಜ್ ಮತ್ತು ಜೊತೆಗಾರರು ಇಂಥ ಪ್ರಶ್ನೆಯನ್ನು ಪರೀಕ್ಷೆ ಮಾಡಿದರು, ಕೊನೆಯಲ್ಲಿ ಅಲ್ಲ, ರೋಗಿ ಬಂದ ಕಾರಣ ಹೇಳಿದ ಮೇಲೆ. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕೆಲವು ಡಾಕ್ಟರು ‘ಬೇರೆ ಏನಾದರೂ ಇದೆಯಾ’ ಎಂಬ ಅರ್ಥದಲ್ಲಿ ಕೇಳಿದರು, ಕೆಲವರು ‘ಇನ್ನೂ ಏನೋ ಹೇಳುವುದಿದೆಯಾ’ ಎಂಬ ಅರ್ಥದಲ್ಲಿ. ಇಂಗ್ಲಿಷಿನಲ್ಲಿ ವ್ಯತ್ಯಾಸ ಒಂದೇ ಪದದ್ದು. ಮೊದಲ ರೀತಿ ಕೇಳಿದ್ದು ಏನೂ ಕೇಳದೆ ಇದ್ದದ್ದಕ್ಕಿಂತ ಹೆಚ್ಚೇನೂ ಉಪಯೋಗಕ್ಕೆ ಬರಲಿಲ್ಲ. ಎರಡನೆಯ ರೀತಿಯಲ್ಲಿ ಹೇಳದೆ ಉಳಿದುಹೋಗುವ ತೊಂದರೆಗಳು ಬಹಳ ಕಡಿಮೆಯಾದವು. ಮೊದಲನೆಯದು ‘ಇಲ್ಲ’ವನ್ನು ಕಾಯುತ್ತದೆ, ಎರಡನೆಯದು ‘ಹೌದು’ ಅನ್ನುವುದನ್ನು ಕಾಯುತ್ತದೆ. ಅದು ಇಂಗ್ಲಿಷಿನ ಲೆಕ್ಕ ನಿಜ. ಆದರೆ ಕನ್ನಡದಲ್ಲೂ ‘ಏನಾದರೂ’ ಮತ್ತು ‘ಏನೋ’ ನಡುವೆ ಇದೇ ಅಂತರ ನನ್ನ ಕಿವಿಗೆ ಕೇಳಿಸುತ್ತದೆ. ‘ಏನೋ ಹೇಳ್ಬೇಕು ಅಂತ ಇತ್ತಾ ನಿಮಗೆ?’ ಅಂತ ಕೇಳಿ ನೋಡಿ. ಎದ್ದವರು ಮತ್ತೆ ಕೂರುತ್ತಾರೆ.

ಹಾಗಂತ ‘ಚಾ ಆಯ್ತಾ’, ‘ಹೇಗಿದ್ದೀರಿ’ ಬಿಟ್ಟು ನೇರ ಕೆಲಸದ ಮಾತಿಗೆ ಬನ್ನಿ ಅಂತ ಲ್ಯಾಬಿನವರಿಗೆ ಯಾರಾದರೂ ಹೇಳಿದರೆ ನನಗೆ ಸಂಕಟ ಆಗುತ್ತದೆ. ಆ ಹುಡುಗಿ ಮಾತಾಡಿಸದೆ ಸೂಜಿ ಹಿಡಿದು ಬಂದಿದ್ದರೆ ದೊಡ್ಡಮ್ಮ ಹೆದರುತ್ತಿದ್ದರು. ಮಾಲಿನೋವ್‌ಸ್ಕಿ ಹೇಳಿದ ಆ ಬಿಗಿ ಅಲ್ಲಿಯೂ ಇರುತ್ತಿತ್ತು. ಬೇಕಾದದ್ದು ಎರಡನ್ನೂ ಬೇರೆ ಬೇರೆ ಮಾಡುವುದು. ಮೊದಲು ಮಾತಾಡಿಸಿ, ಅದಕ್ಕೆ ಅದರದ್ದೇ ಉತ್ತರ ತೆಗೆದುಕೊಳ್ಳಿ. ಆಮೇಲೆ ‘ಆಯ್ತು’ ಅಂತ ಹೇಳಿ ಮುಗಿಸಲಿಕ್ಕೆ ಆಗದ ಒಂದು ಪ್ರಶ್ನೆ ಕೇಳಿ. ‘ನಿನ್ನೆ ರಾತ್ರಿ ಎಷ್ಟು ಗಂಟೆಗೆ ಉಂಡಿರಿ? ಏನು ಉಂಡಿರಿ? ಅದಾದ ಮೇಲೆ ಬಾಯಿಗೆ ಏನು ಹಾಕಿದಿರಿ?’ ಇದಕ್ಕೆ ಗಂಟೆ ಹೇಳಬೇಕು, ಗಂಜಿಯೋ ಚಪಾತಿಯೋ ಹೇಳಬೇಕು. ನಮಸ್ಕಾರಕ್ಕೆ ಯಾರೂ ಗಂಟೆ ಕೇಳುವುದಿಲ್ಲ, ಹಾಗಾಗಿ ಇದು ಪ್ರಶ್ನೆ ಅಂತ ಕೇಳಿದ ಕೂಡಲೇ ಗೊತ್ತಾಗುತ್ತದೆ.

ಮರುದಿನ ನಾನೂ ದೊಡ್ಡಮ್ಮನ ಜೊತೆ ಹೋದೆ. ಅದೇ ಹುಡುಗಿ. ಹಿಂದಿನ ದಿನ ಆದದ್ದನ್ನು ನಾನು ಹೇಳಿದೆ, ಅವಳು ದೊಡ್ಡಮ್ಮನ ಕೈ ಹಿಡಿದುಕೊಂಡಳು. “ಅಮ್ಮಾ, ಕೋಡೆ ರಾತ್ರೆ ಏತ್ ಗಂಟೆಗ್ ಒಣಸ್ ಮಲ್ತರ್?” ಅಂತ ಕೇಳಿದಳು, ನಿನ್ನೆ ರಾತ್ರಿ ಎಷ್ಟು ಗಂಟೆಗೆ ಊಟ ಮಾಡಿದಿರಿ ಅಂತ. “ಎಂಟೂವರೆ ಆಗಿರಬೇಕು, ಗಂಜಿ ಮತ್ತು ಉಪ್ಪಿನಕಾಯಿ,” ಅಂದರು ದೊಡ್ಡಮ್ಮ. ರಕ್ತ ತೆಗೆದಾಯಿತು. ಹತ್ತಿ ಒತ್ತಿ ಹಿಡಿದುಕೊಂಡು ಏಳುವಾಗ ದೊಡ್ಡಮ್ಮ ಅವಳ ಮುಖ ನೋಡಿ ಕೇಳಿದರು: “ನಿನ್ನ ಚಾ ಆಂಡಾ ಮಗಾ?”

“ಆಂಡ್ ಅಮ್ಮಾ, ಆಂಡ್.”

ಗಂಟೆ ಏಳೂಕಾಲು. ಮೇಜಿನ ಮೂಲೆಯಲ್ಲಿ ಅವಳ ಬುತ್ತಿ ಡಬ್ಬಿ ಇನ್ನೂ ಬಟ್ಟೆ ಚೀಲದೊಳಗೇ ಇತ್ತು, ಗಂಟು ಬಿಚ್ಚಿರಲಿಲ್ಲ.